ಹಪ್ಪಳದ ಗಿವ್‌ಅವೇ ಪೋಸ್ಟ್: ‘ರಾತ್ರಿ 12’ರಲ್ಲಿ ನಾನು ಎಡವಿದ್ದು

ಕುಂಬಳೆಯ ನಮ್ಮ ಚಿಕ್ಕಮ್ಮ ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. ಅವರ ಫೇಸ್‌ಬುಕ್ ಪೇಜಿಗೆ ಗಿವ್‌ಅವೇ ಪೋಸ್ಟ್ ಬರೆದವನು ನಾನು. ಬಹುಮಾನ 100 ಹಪ್ಪಳದ ಒಂದು ಕಟ್ಟು, ಒಬ್ಬರಿಗೆ ಮಾತ್ರ. ಸೇರುವ ದಾರಿಯೂ ಸುಲಭ. ಪೋಸ್ಟಿನ ಕೆಳಗೆ ನಿಮ್ಮ ಊರಿನ ಹೆಸರು ಬರೆಯಿರಿ, ಅಷ್ಟೇ. ‘ಶೇರ್ ಮಾಡಿದರೆ ಮಾತ್ರ’, ‘ಗೆಳೆಯರನ್ನು ಟ್ಯಾಗ್ ಮಾಡಿ’ ಎಂಬ ಷರತ್ತು ಹಾಕಲು ಫೇಸ್‌ಬುಕ್ ಬಿಡುವುದಿಲ್ಲ. ಈ ಸ್ಪರ್ಧೆಗೂ ಫೇಸ್‌ಬುಕ್ಕಿಗೂ ಸಂಬಂಧವಿಲ್ಲ ಎಂದೂ ಬರೆಯಲೇಬೇಕು.

ನಾನು ಎಡವಿದ್ದು ಕೊನೆಯ ದಿನದಲ್ಲಿ. ‘ಭಾನುವಾರ ರಾತ್ರಿ 12ರವರೆಗೆ’ ಎಂದು ಬರೆದಿದ್ದೆ. ಭಾನುವಾರ ಶುರುವಾಗುವ 12ರೋ, ಮುಗಿಯುವ 12ರೋ? ಕೆಲವರು ಶನಿವಾರವೇ ಮುಗಿಯಿತೆಂದು ಸುಮ್ಮನಾದರು. ಇನ್ನೊಂದು ಪೇಚು ಗಲ್ಫಿನದು. ನಮ್ಮ ಕಡೆ ಮನೆಗೊಬ್ಬರು ಅಲ್ಲಿದ್ದಾರೆ, ಅಲ್ವಾ? ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿಂದ ಒಬ್ಬರು ಭಾನುವಾರ ರಾತ್ರಿ 11ಕ್ಕೆ ಕಮೆಂಟ್ ಹಾಕಿದರು. ನಮ್ಮಲ್ಲಿ ಆಗ 12:30, ಸೋಮವಾರ. ಅವರ ಫೋನಿನಲ್ಲಿ ಭಾನುವಾರ, ನನ್ನದರಲ್ಲಿ ಸೋಮವಾರ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಪೋಸ್ಟಿನಲ್ಲಿ ಯಾವ ಊರಿನ ಸಮಯ ಎಂದು ಇಲ್ಲದ ಕಾರಣ ಅವರನ್ನೂ ಸೇರಿಸಿಕೊಂಡೆ. ಈಗ ಬರೆಯುವುದು ಹೀಗೆ:

“ಮೇ 17, ಭಾನುವಾರ ರಾತ್ರಿ 11:59ರ ಒಳಗೆ (ಭಾರತದ ಸಮಯ, ದುಬೈಯಲ್ಲಿ 10:29). ಆಮೇಲೆ ಬಂದ ಕಮೆಂಟ್ ಲೆಕ್ಕಕ್ಕಿಲ್ಲ. ಬಹುಮಾನ ಭಾರತದ ವಿಳಾಸಕ್ಕೆ ಮಾತ್ರ.”

ದುಬೈಯವರು ಊರಿನ ಅಮ್ಮನ ವಿಳಾಸ ಕೊಡಬಹುದು, ತೊಂದರೆಯಿಲ್ಲ.

ಇನ್ನು ಆಯ್ಕೆ. ‘ಅದೃಷ್ಟಶಾಲಿಯನ್ನು ನಾವು ಆರಿಸುತ್ತೇವೆ’ ಎಂದರೆ ಚಿಕ್ಕಮ್ಮನ ನೆಂಟರಿಗೇ ಹೋಯಿತು ಎಂದು ಜನ ಹೇಳುವುದು ಗ್ಯಾರಂಟಿ. ಹೇಗೆ ಆರಿಸುತ್ತೇವೆ ಎಂಬುದೂ ಪೋಸ್ಟಿನಲ್ಲೇ ಇರಬೇಕು. ನಮಗೆ ಬಂದದ್ದು 52 ಕಮೆಂಟ್. ಐವರು ಎರಡೆರಡು ಸಲ ಹಾಕಿದ್ದರು, ಆ ಐದು ಕಳೆದೆ. ಮನೆಯವರದು ಎರಡು, ಅದನ್ನೂ ತೆಗೆದೆ. ಉಳಿದ 45 ಹೆಸರಿಗೆ ನಂಬರ್ ಕೊಟ್ಟು, ಪಟ್ಟಿಯನ್ನು ಮೊದಲು ಪೇಜಿನಲ್ಲಿ ಹಾಕಿದೆ. ಆಮೇಲೆ ಗೂಗಲ್ ಶೀಟ್‌ನಲ್ಲಿ:

```
=RANDBETWEEN(1,45)
```

17 ಬಂತು. ಖುಷಿಯಿಂದ ಪಕ್ಕದ ಖಾನೆಯಲ್ಲಿ ಗೆದ್ದವರ ಹೆಸರು ಟೈಪ್ ಮಾಡಿದೆ. ನಂಬರ್ 31 ಆಯಿತು! ಶೀಟಿನಲ್ಲಿ ಎಲ್ಲೇ ಏನು ತಿದ್ದಿದರೂ ಈ ಸೂತ್ರ ಹೊಸ ನಂಬರ್ ಎತ್ತುತ್ತದೆ. ಸ್ಕ್ರೀನ್ ರೆಕಾರ್ಡಿಂಗ್ ಆನ್ ಇದ್ದದ್ದಕ್ಕೆ ಬಚಾವ್, 17 ತೋರಿಸಲು ಸಾಕ್ಷಿ ಇತ್ತು. ನಿಮಗೂ ಹೀಗಾಗದಿರಲು ನಂಬರ್ ಬಂದ ಕೂಡಲೇ ಕಾಪಿ ಮಾಡಿ, ಅದೇ ಖಾನೆಯಲ್ಲಿ Ctrl+Shift+V ಒತ್ತಿ. ಸೂತ್ರ ಹೋಗಿ ಬರೀ ಅಂಕಿ ಉಳಿಯುತ್ತದೆ. ಈ ಸಾಲುಗಳೂ ನಿಯಮದಲ್ಲಿರಲಿ:

“ಒಬ್ಬರಿಗೆ ಒಂದೇ ನಂಬರ್. ಮನೆಯವರಿಗೆ ಅವಕಾಶವಿಲ್ಲ. ಮೊದಲು ಬಂದ ನಂಬರೇ ಅಂತಿಮ. ಗೆದ್ದವರು 48 ಗಂಟೆಯೊಳಗೆ ಮೆಸೇಜ್ ಮಾಡದಿದ್ದರೆ, ಅದೇ ವೀಡಿಯೊದಲ್ಲಿ ಎತ್ತಿದ ಎರಡನೇ ನಂಬರಿಗೆ ಬಹುಮಾನ.”

ಎರಡನೇ ನಂಬರನ್ನು ಆಗಲೇ ಎತ್ತಿಡಬೇಕು. ಎರಡು ದಿನ ಬಿಟ್ಟು ಎತ್ತಿದರೆ ಮತ್ತೆ ಅದೇ ನೆಂಟರ ಮಾತು ಶುರು.