‘ಇದ್ದಷ್ಟು ಕೊಡು’ ಎಂದ ಮೇಲೆ ಉಳಿದದ್ದು ಏನಾಯಿತು?

ದಾವಣಗೆರೆಯಲ್ಲಿ ಮನೆ ಮಾಲೀಕರು ಆಡುವ ಒಂದು ಮಾತು ಇಪ್ಪತ್ತು ವರ್ಷಗಳಿಂದ ನನ್ನಂಥ ವಕೀಲರ ಹೊಟ್ಟೆ ಹೊರೆಯುತ್ತಿದೆ. ‘ಆಯಿತಪ್ಪ, ಸದ್ಯಕ್ಕೆ ಇದ್ದಷ್ಟು ಕೊಡು.’ ಒಳ್ಳೆಯವರೇ ಆಡುವ ಮಾತು ಇದು. ಕೆಟ್ಟವರಾಗಿದ್ದರೆ ಮನೆ ಖಾಲಿ ಮಾಡು ಎನ್ನುತ್ತಿದ್ದರು, ಆಗ ಗೊಂದಲವಾದರೂ ಇರುತ್ತಿರಲಿಲ್ಲ.

ವಿನೋಬನಗರದ ಒಂದು ಮನೆಯ ಕಥೆ ಕೇಳಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬಾಡಿಗೆ 8,000 ರೂಪಾಯಿ, ಅಡ್ವಾನ್ಸ್ 50,000. ಬಾಡಿಗೆದಾರನ ಕೆಲಸ ಹೋಯಿತು. ಮಾಲೀಕರಾದ ಅಜ್ಜಿ ಮೇಲಿನ ಮಾತು ಹೇಳಿದರು. ಅವನು ತಿಂಗಳಿಗೆ 5,000 ಕೊಡುತ್ತ ಹೋದ, ಅವರು ತೆಗೆದುಕೊಳ್ಳುತ್ತ ಹೋದರು. ಹದಿನಾಲ್ಕು ತಿಂಗಳು ಕಳೆದ ಮೇಲೆ ಬೆಂಗಳೂರಿನಿಂದ ಮಗ ಬಂದು ಲೆಕ್ಕ ಹಾಕಿದ. ತಿಂಗಳಿಗೆ 3,000ದಂತೆ 42,000 ಬಾಕಿ, ಬಣ್ಣ ಬಳಿಸಲು ಒಂದು ತಿಂಗಳ ಬಾಡಿಗೆ 8,000. ಒಟ್ಟು 50,000. ಅಡ್ವಾನ್ಸ್ ಪೂರ್ತಿ ಮುಗಿಯಿತು, ಕೀಲಿ ಕೊಟ್ಟು ಹೋಗಿ ಎಂದ. ಬಾಡಿಗೆದಾರ ನನ್ನ ಕಚೇರಿಯಲ್ಲಿ ಕುಳಿತು, ‘ಅಜ್ಜಿ ಬಾಡಿಗೆ ಕಡಿಮೆ ಮಾಡಿದ್ದರು ಸರ್, ಈಗ ಮಗ ಮೋಸ ಮಾಡುತ್ತಿದ್ದಾನೆ’ ಎಂದು ಕಣ್ಣೀರು ಹಾಕಿದ. ಅಜ್ಜಿಯನ್ನು ಕೇಳಿದರೆ, ‘ನಾನು ಕಡಿಮೆ ಮಾಡಲಿಲ್ಲ, ಆಮೇಲೆ ಕೊಡಲಿ ಅಂದೆ’ ಎಂದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆ ಒಂದು ಮಾತನ್ನು ಆಡಿದವರು ಒಂದು ಅರ್ಥದಲ್ಲಿ ಆಡಿದ್ದರು, ಕೇಳಿದವನು ಇನ್ನೊಂದು ಅರ್ಥದಲ್ಲಿ ಕೇಳಿಸಿಕೊಂಡಿದ್ದ.

ಕೆಲಸ ಕಳೆದುಕೊಂಡವರು ಬಾಡಿಗೆ ಕಡಿತ ಕೇಳುವಾಗ ಮಾಡುವ ತಪ್ಪು ಇದೊಂದೇ. ಎಷ್ಟು ಕೊಡುತ್ತೇನೆ ಎಂದು ಹೇಳುತ್ತಾರೆ, ಕೊಡದೆ ಉಳಿಯುವುದು ಮಾಫಿಯೋ ಬಾಕಿಯೋ ಎಂದು ಕೇಳುವುದಿಲ್ಲ. ಕೇಳಿದರೆ ಎಲ್ಲಿ ಬಾಕಿ ಎಂದುಬಿಡುತ್ತಾರೋ ಎಂಬ ಹೆದರಿಕೆ. ಆದರೆ ನೀವು ಕೇಳದಿದ್ದರೂ ಅದು ಬಾಕಿಯೇ. ಕರಾರಿನಲ್ಲಿ 8,000 ಎಂದು ಬರೆದಿರುವಾಗ ಮಾಲೀಕರು 5,000 ತೆಗೆದುಕೊಂಡು ಸುಮ್ಮನಿದ್ದ ಮಾತ್ರಕ್ಕೆ ಬಾಡಿಗೆ 5,000 ಆಗಿಬಿಡುವುದಿಲ್ಲ. ಪ್ರತಿ ತಿಂಗಳ ಬಾಕಿಯನ್ನೂ ಅದು ಕೊಡಬೇಕಾದ ದಿನದಿಂದ ಮೂರು ವರ್ಷದವರೆಗೆ ದಾವೆ ಹಾಕಿ ಕೇಳಲು ಕಾಲಮಿತಿ ಕಾಯ್ದೆ ಅವಕಾಶ ಕೊಟ್ಟಿದೆ. ಇನ್ನೊಂದು ಕಡೆ, ಮಾಲೀಕರು ಮನಸ್ಸು ಮಾಡಿ ಬಿಟ್ಟುಕೊಟ್ಟರೆ ಅದಕ್ಕೆ ಪ್ರತಿಯಾಗಿ ನೀವು ಏನನ್ನೂ ಕೊಡಬೇಕಾಗಿಲ್ಲ. 1872ರ ಕರಾರು ಕಾಯ್ದೆಯ 63ನೇ ಕಲಮು ಅಂಥ ಮಾಫಿಯನ್ನು ಒಪ್ಪುತ್ತದೆ. ಬಿಟ್ಟುಕೊಟ್ಟರು ಎಂದು ತೋರಿಸುವ ಹೊಣೆ ಮಾತ್ರ ನಿಮ್ಮದು. ಬರೀ ಬಾಯಿಮಾತನ್ನು ಹಿಡಿದು ಅದನ್ನು ತೋರಿಸುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು, ಅಜ್ಜಿಯ ಬಾಡಿಗೆದಾರನಿಗೂ ಈಗ ಗೊತ್ತು.

‘ಕೊರೊನಾದಲ್ಲಿ ಬಾಡಿಗೆ ಕೇಳಬಾರದು ಅಂತ ಆದೇಶವಿತ್ತಲ್ಲ ಸರ್’ ಎಂದು ಈಗಲೂ ಕೇಳುವವರಿದ್ದಾರೆ. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಆ ಆದೇಶ ಕಾರ್ಮಿಕರಿಗೆ, ಅದೂ ಒಂದು ತಿಂಗಳ ಬಾಡಿಗೆಗೆ ಸಂಬಂಧಿಸಿದ್ದು. ಕೆಲಸ ಹೋಯಿತು ಎಂಬ ಕಾರಣಕ್ಕೆ ಬಾಡಿಗೆ ನಿಲ್ಲಿಸುವ ಹಕ್ಕು ಅದರಿಂದ ಹುಟ್ಟುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆಯೂ, ಸಾಮಾನ್ಯವಾಗಿ, ತಿಂಗಳಿಗೆ 3,500 ಮೀರಿದ ಮನೆಗಳಿಗೆ ಸಿಗುವುದಿಲ್ಲ. ತಿಂಗಳ ಬಾಡಿಗೆಯ ಮನೆಯಾದರೆ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಹದಿನೈದು ದಿನಗಳ ನೋಟಿಸಿನಲ್ಲಿ ಬಾಡಿಗೆ ಸಂಬಂಧ ಕೊನೆಗೊಳಿಸಬಹುದು. ಹಾಗಾಗಿ ನೀವು ಮಾಲೀಕರಲ್ಲಿ ಕೇಳುತ್ತಿರುವುದು ಒಪ್ಪಿಗೆಯನ್ನು, ಹಕ್ಕನ್ನಲ್ಲ. ಒಪ್ಪಬೇಕಾದರೆ ಅವರಿಗೆ ಭದ್ರತೆ ಕಾಣಬೇಕು.

ಸರಿಯಾಗಿ ನಡೆದ ಒಂದು ಪ್ರಕರಣವನ್ನೂ ಹೇಳುತ್ತೇನೆ. ನಿಟುವಳ್ಳಿಯಲ್ಲಿದ್ದ ಆತ ಬೈಕ್ ಮಾರುವ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಆಷಾಢದಲ್ಲಿ ಅಂಗಡಿ ಬಾಗಿಲು ಹಾಕಿತು. ಬಾಡಿಗೆ 9,000, ಅಡ್ವಾನ್ಸ್ 60,000. ಮಾಲೀಕರು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಕೆಳಗಿನ ಮನೆಯಲ್ಲೇ ವಾಸ. ನನ್ನ ಬಳಿ ಬಂದಾಗ ಅವನ ತಲೆಯಲ್ಲಿ ಇದ್ದದ್ದು ಎಲ್ಲರ ತಲೆಯಲ್ಲೂ ಇರುವ ಉಪಾಯವೇ: ‘ಆರು ತಿಂಗಳು ಅಡ್ವಾನ್ಸ್‌ನಲ್ಲೇ ಮುರಿದುಕೊಳ್ಳಿ ಅಂದುಬಿಡುತ್ತೇನೆ ಸರ್.’

ಬೇಡ ಎಂದೆ. ಆರು ತಿಂಗಳಿಗೆ 54,000 ಹೋದರೆ ಮೇಷ್ಟ್ರ ಕೈಯಲ್ಲಿ ಉಳಿಯುವುದು 6,000. ಅದು ಬಣ್ಣಕ್ಕೂ ಸಾಲದು. ಏಳನೇ ತಿಂಗಳು ನೀನು ಕೊಡದಿದ್ದರೆ ಅವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ನಿನಗೂ ಬೇರೆ ಮನೆ ಹುಡುಕುವ ಹೊತ್ತಿಗೆ ಅಡ್ವಾನ್ಸ್ ಕೊಡಲು ಕಾಸಿರುವುದಿಲ್ಲ. ಅಡ್ವಾನ್ಸ್ ಮಾತು ಎತ್ತಿದ ಕೂಡಲೇ ಮಾಲೀಕರ ಮುಖ ಏಕೆ ಬಿಗಿಯುತ್ತದೆ ಎಂದರೆ ಇದೇ ಕಾರಣಕ್ಕೆ.

ಹಾಗಾದರೆ 7,000 ಕೊಡುತ್ತೇನೆ ಎಂದ. ನಾಚಿಕೆಯಿಂದ ಹುಟ್ಟಿದ ಅಂಕಿ ಅದು. ಇಂಥ ಅಂಕಿಗಳು ಎರಡನೇ ತಿಂಗಳಲ್ಲೇ ಮುರಿದು ಬೀಳುತ್ತವೆ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆವು. ಹೆಂಡತಿ ಖಾಸಗಿ ಶಾಲೆಯ ಶಿಕ್ಷಕಿ, ಸಂಬಳ 12,000. ಇವನು ಎರಡು ಅಂಗಡಿಗಳ ತೆರಿಗೆ ಲೆಕ್ಕ ಮಾಡಿಕೊಟ್ಟರೆ 4,000. ಬರುವುದು 16,000. ದಿನಸಿ, ಹಾಲು, ತರಕಾರಿಗೆ 6,000. ಗ್ಯಾಸು, ಕರೆಂಟು, ಮೊಬೈಲಿಗೆ 1,500. ಮಗಳ ಆಟೊ ಮತ್ತು ಟ್ಯೂಷನ್‌ಗೆ 1,500. ಬೈಕಿನ ಕಂತು 2,000. ಹೋಗುವುದು 11,000. ಉಳಿಯುವುದು 5,000. ಒಬ್ಬರಿಗೆ ಜ್ವರ ಬಂದರೂ ಲೆಕ್ಕ ತಪ್ಪುತ್ತದೆ. ಆದ್ದರಿಂದ ಬಾಡಿಗೆಗೆ 4,500 ಎಂದು ಇಟ್ಟೆವು.

ಈಗ ನನ್ನ ಪ್ರೀತಿಯ ವಿಷಯಕ್ಕೆ ಬರುತ್ತೇನೆ, ಅಂದರೆ ಉಳಿದ ಅರ್ಧಕ್ಕೆ. ತಿಂಗಳಿಗೆ 4,500ರಂತೆ ನಾಲ್ಕು ತಿಂಗಳಿಗೆ 18,000 ಹಿಂದೆ ಬೀಳುತ್ತದೆ. ಇದು ಮಾಫಿಯಲ್ಲ, ಬಾಕಿ ಎಂದು ನಾವೇ ಮೊದಲು ಹೇಳಬೇಕೆಂದೆ. ಐದನೇ ತಿಂಗಳಿಂದ 9,000ದ ಜೊತೆ 2,000 ಸೇರಿಸಿ 11,000 ಕೊಡುತ್ತ ಹೋದರೆ ಒಂಬತ್ತು ತಿಂಗಳಲ್ಲಿ ತೀರುತ್ತದೆ. ಪಿಎಫ್ ಹಣ ಬಂದ ಕೂಡಲೇ ಎಲ್ಲವನ್ನೂ ಕೊಡುತ್ತೇನೆಂದು ಬರೆಯಲು ಹೊರಟಿದ್ದ, ತಡೆದೆ. ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕ್ ಪುಸ್ತಕದಲ್ಲಿ ಇನ್ನೊಂದು ಹೆಸರಿದ್ದರೆ ಆ ಅರ್ಜಿ ತಿರುಗಿ ಬರುತ್ತದೆ. ನಮ್ಮ ಕೈಯಲ್ಲಿಲ್ಲದ ತಾರೀಖನ್ನು ಇನ್ನೊಬ್ಬರಿಗೆ ಕೊಡಬಾರದು. ಬಂದರೆ ಆಗ ತೀರಿಸಿದರಾಯಿತು.

ನಾಲ್ಕು ತಿಂಗಳಾದರೂ ಕೆಲಸ ಸಿಗದಿದ್ದರೆ? ಬಾಡಿಗೆದಾರರು ಬರೆಯಲು ಇಷ್ಟಪಡದ ಸಾಲು ಇದು, ಮಾಲೀಕರು ಮೊದಲು ಓದುವ ಸಾಲೂ ಇದೇ. ಸಿಗದಿದ್ದರೆ ಒಂದು ತಿಂಗಳ ಅವಧಿ ಪಡೆದು ಮನೆ ಬಿಡುತ್ತೇನೆ, ಆ ತಿಂಗಳೂ 4,500 ಕೊಡುತ್ತೇನೆ, ಒಟ್ಟು ಬಾಕಿಯನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಬಹುದು ಎಂದು ಬರೆಸಿದೆ. ಹಾಗಾದಲ್ಲಿ ಬಾಕಿ 22,500, ಬಣ್ಣಕ್ಕೆ 9,000, ಒಟ್ಟು 31,500. ಅಡ್ವಾನ್ಸ್ 60,000 ಇರುವುದರಿಂದ ಮೇಷ್ಟ್ರಿಗೆ ಒಂದು ರೂಪಾಯಿಯೂ ನಷ್ಟವಿಲ್ಲ, ಇವನಿಗೂ 28,500 ಮರಳಿ ಸಿಕ್ಕು ಸಣ್ಣ ಮನೆಯೊಂದರ ಅಡ್ವಾನ್ಸ್‌ಗೆ ಆಗುತ್ತದೆ. ಅದೇ ಅಡ್ವಾನ್ಸ್ ಮೊದಲು ಜಗಳಕ್ಕೆ ಕಾರಣವಾಗುತ್ತಿತ್ತು, ಈಗ ಜಾಮೀನಾಯಿತು.

ಪತ್ರ ಹೀಗಿತ್ತು:

‘ಮೇಷ್ಟ್ರಿಗೆ ನಮಸ್ಕಾರಗಳು. ಜುಲೈ ತಿಂಗಳಿಗೆ ನನ್ನ ಕೆಲಸ ನಿಂತಿದೆ. ಆಗಸ್ಟ್‌ನಿಂದ ನವೆಂಬರ್‌ವರೆಗೆ ನಾಲ್ಕು ತಿಂಗಳು ಬಾಡಿಗೆಯ ಭಾಗವಾಗಿ 4,500 ರೂ. ಕೊಡಲು ಅನುಮತಿ ಕೋರುತ್ತೇನೆ. ಮೂಲ ಬಾಡಿಗೆ 9,000 ರೂ. ಬದಲಾಗುವುದಿಲ್ಲ. ಉಳಿಯುವ 18,000 ರೂ. ಬಾಕಿಯನ್ನು ಡಿಸೆಂಬರ್‌ನಿಂದ ಒಂಬತ್ತು ತಿಂಗಳು, ಬಾಡಿಗೆಯ ಜೊತೆ 2,000 ರೂ.ನಂತೆ ಸೇರಿಸಿ ತೀರಿಸುತ್ತೇನೆ. ನವೆಂಬರ್ ಕೊನೆಗೂ ಕೆಲಸ ಸಿಗದಿದ್ದರೆ ಡಿಸೆಂಬರ್ ಕೊನೆಗೆ ಮನೆ ಬಿಟ್ಟುಕೊಡುತ್ತೇನೆ. ಆ ತಿಂಗಳೂ 4,500 ರೂ. ಕೊಡುತ್ತೇನೆ, ಅಲ್ಲಿಯವರೆಗಿನ ಒಟ್ಟು ಬಾಕಿಯನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಬಹುದು.’

‘ಮೂಲ ಬಾಡಿಗೆ ಬದಲಾಗುವುದಿಲ್ಲ’ ಎಂಬ ಮಾತು ಏಕೆ ಬೇಕು ಎಂದು ಅವನು ಕೇಳಿದ. ಒಮ್ಮೆ ಇಳಿಸಿದರೆ ಅದೇ ಬಾಡಿಗೆ ಎಂದು ಕೂತುಬಿಡುತ್ತಾರೆ ಎಂಬುದು ಮಾಲೀಕರ ದೊಡ್ಡ ಭಯ. ಅನೇಕರು ಇಲ್ಲ ಎನ್ನುವುದು ದುಡ್ಡಿನ ಆಸೆಯಿಂದಲ್ಲ, ಈ ಭಯದಿಂದ.

ಇಂಥ ಪತ್ರಕ್ಕೆ ಬಾಂಡ್ ಪೇಪರ್ ಬೇಕೇ ಎಂಬ ಪ್ರಶ್ನೆ ಬರುತ್ತದೆ. ಹನ್ನೊಂದು ತಿಂಗಳ ಸಾಮಾನ್ಯ ಕರಾರಾಗಿದ್ದರೆ, ಬಿಳಿ ಹಾಳೆಯ ಮೇಲೆ ಎರಡು ಪ್ರತಿ ಬರೆದು, ಮಾಲೀಕರಿಂದ ‘ಒಪ್ಪಿದೆ’ ಎಂದು ತಾರೀಖು ಹಾಕಿಸಿ ಸಹಿ ಮಾಡಿಸಿಕೊಳ್ಳುವುದು ಏನೂ ಇಲ್ಲದಿರುವುದಕ್ಕಿಂತ ನೂರು ಪಾಲು ಮೇಲು. ನೋಂದಣಿಯಾದ ಕರಾರು ಇದ್ದರೆ ಅಥವಾ ಈಗಾಗಲೇ ನೋಟಿಸು ಬಂದಿದ್ದರೆ ಇದನ್ನು ಓದಿ ಮುಂದುವರಿಯಬೇಡಿ, ಕಾಗದ ಹಿಡಿದು ನಿಮ್ಮ ವಕೀಲರಲ್ಲಿಗೆ ಹೋಗಿ. ಹಣವನ್ನು ಮೊಬೈಲಿನಲ್ಲಿ ಕಳುಹಿಸುವಾಗ ಟಿಪ್ಪಣಿಯಲ್ಲಿ ‘ಆಗಸ್ಟ್ ಬಾಡಿಗೆಯ ಭಾಗ’ ಎಂದು ಬರೆಯಿರಿ. ಮುಂದೆ ಬಾಕಿ ತೀರಿಸುವಾಗ ‘ಹಳೆ ಬಾಕಿ’ ಎಂದು ಬೇರೆಯಾಗಿಯೇ ಕಳುಹಿಸಿ.

ಇಷ್ಟೆಲ್ಲ ತಯಾರಿ ಮಾಡಿಕೊಂಡು ಅವನು ಬಾಡಿಗೆ ಕೊಡುವ ದಿನಕ್ಕೆ ಒಂದು ವಾರ ಮೊದಲೇ ಹೋದ. ಎರಡು ತಿಂಗಳು ಮುಖ ತಪ್ಪಿಸಿ ಓಡಾಡಿ ಆಮೇಲೆ ಹೋಗುವವರ ಪತ್ರ ಎಷ್ಟು ಚೆನ್ನಾಗಿದ್ದರೂ ಮಾಲೀಕರು ಅದರಲ್ಲಿ ಎರಡು ತಿಂಗಳನ್ನೇ ಓದುತ್ತಾರೆ. ಮೇಷ್ಟ್ರು ಮೊತ್ತದ ಬಗ್ಗೆ ಚೌಕಾಸಿ ಮಾಡಲಿಲ್ಲವಂತೆ. ಮೇಲಿನ ಮನೆ ಕಟ್ಟಿಸಲು ತೆಗೆದ ಬ್ಯಾಂಕ್ ಸಾಲದ ಕಂತು 7ನೇ ತಾರೀಖಿಗೆ ಇದೆ, ಕಡಿಮೆ ಬೀಳುವುದನ್ನು ಪಿಂಚಣಿಯಿಂದ ಹಾಕಿಕೊಳ್ಳುತ್ತೇನೆ, ಆದರೆ ನಿನ್ನ 4,500 ಮಾತ್ರ 5ನೇ ತಾರೀಖು ದಾಟಬಾರದು ಎಂದರಂತೆ. ಮೂರು ವರ್ಷ ಅದೇ ಮನೆಯಲ್ಲಿದ್ದರೂ ಇವನಿಗೆ ಆ ಸಾಲದ ವಿಷಯ ಗೊತ್ತಿರಲಿಲ್ಲ.

ಮೆಕ್ಕೆಜೋಳದ ಸುಗ್ಗಿಯಲ್ಲಿ ಇಲ್ಲಿನ ಮಂಡಿಗಳಿಗೆ ಲೆಕ್ಕ ಬರೆಯುವವರು ಬೇಕಾಗುತ್ತಾರೆ. ನವೆಂಬರ್‌ನಲ್ಲಿ ಅವನಿಗೆ ಒಂದು ಕಡೆ ಕೆಲಸ ಸಿಕ್ಕಿತು, ಹಿಂದಿಗಿಂತ ಕಡಿಮೆ ಸಂಬಳಕ್ಕೆ. ಡಿಸೆಂಬರ್ 5ಕ್ಕೆ 9,000 ಒಂದು ಸಲ, 2,000 ಇನ್ನೊಂದು ಸಲ ಕಳುಹಿಸಿದೆ ಎಂದು ಫೋನ್ ಮಾಡಿ ಹೇಳಿದ. ಬಾಕಿ ತೀರಿದ ಮೇಲೆ ‘ಪೂರ್ತಿ ಸಂದಾಯವಾಗಿದೆ’ ಎಂದು ಅದೇ ಹಾಳೆಯ ಕೆಳಗೆ ಬರೆಸಿಕೊಂಡು ನನಗೂ ತೋರಿಸಿದ. ನೋಡಿದರೆ ಪತ್ರದ ನಡುವೆ ಎರಡು ಕಡೆ ಕೆಂಪು ಶಾಯಿ. ‘ಅನುಮತಿ’ಯಲ್ಲಿ ಇವನು ಹಾಕಿದ್ದ ದೀರ್ಘವನ್ನೂ, ಬಿಟ್ಟಿದ್ದ ಒಂದು ಒತ್ತಕ್ಷರವನ್ನೂ ತಿದ್ದಿದ ಮೇಲೆಯೇ ಮೇಷ್ಟ್ರು ಸಹಿ ಹಾಕಿದ್ದರು.