ಸರಣಿ ಸರಿ, ಯಾವ ಉಂಗುರದ್ದು?

ತುಮಕೂರಿನಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಕಾಂಪ್ಲೆಕ್ಸ್ ಅನಾಲಿಸಿಸ್ ಪಾಠ ಮಾಡುತ್ತೇನೆ. ಪ್ರತಿ ವರ್ಷ ಉತ್ತರ ಪತ್ರಿಕೆಗಳಲ್ಲಿ ಒಂದೇ ತಪ್ಪು ಕಾಣುತ್ತದೆ. ಲೆಕ್ಕವೆಲ್ಲ ಸರಿ, ಕೊನೆಯ ಸಾಲು ಮಾತ್ರ ತಪ್ಪು. ಅಷ್ಟು ಕಷ್ಟಪಟ್ಟ ಮಕ್ಕಳಿಗೆ ಅಂಕ ಕಳೆಯಲು ನನಗೆ ಸಂಕಟವಾಗುತ್ತದೆ.

ನಿಯಮ ಎಲ್ಲರಿಗೂ ಬಾಯಿಪಾಠ. ತೊಡಕಿನ ಬಿಂದುವಿನ ಸುತ್ತ ಬರೆದ ಲೋರಾಂ ಸರಣಿಯಲ್ಲಿ ಋಣ ಘಾತದ ಪದ ಒಂದೂ ಇಲ್ಲದಿದ್ದರೆ ಆ ಬಿಂದು ರಿಮೂವಬಲ್, ಕೆಲವೇ ಇದ್ದರೆ ಪೋಲ್, ಮುಗಿಯದೆ ಹೋದರೆ ಎಸೆನ್ಷಿಯಲ್. ಆದರೆ ಯಾವ ಸರಣಿಯಲ್ಲಿ ಎಣಿಸಬೇಕು? ಇದನ್ನು ಕೇಳುವವರೇ ಕಡಿಮೆ.

ಮಧುಗಿರಿಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಈ ಲೆಕ್ಕ ತಂದಳು:

f(z) = 1/(z(z−1))

"ಸರ್, 0ಯಲ್ಲಿ ಎಸೆನ್ಷಿಯಲ್ ಬಂತು" ಅಂದಳು. ಅವಳು ಬರೆದಿದ್ದ ಸರಣಿ ಇದು:

1/z² + 1/z³ + 1/z⁴ + …

ಸರಣಿಯಲ್ಲಿ ತಪ್ಪಿಲ್ಲ. ಆದರೆ ಅವಳು 1/z ಅನ್ನು ಗುಣೋತ್ತರ ಶ್ರೇಢಿಯ ಅನುಪಾತವಾಗಿ ತೆಗೆದುಕೊಂಡಿದ್ದಳು. ಹಾಗಾಗಿ ಅದು |z| > 1 ಇರುವ ಕಡೆ ಮಾತ್ರ ಕನ್ವರ್ಜ್ ಆಗುತ್ತದೆ. "ಈ ಸರಣಿಗೆ z = 1/2 ಹಾಕಮ್ಮ" ಅಂದೆ. 4, 8, 16 ಅಂತ ಪದಗಳು ಬೆಳೆಯುತ್ತಲೇ ಹೋದವು. f(1/2) ಬೆಲೆ −4. ಅವಳು ಪೆನ್ನು ಕೆಳಗಿಟ್ಟಳು.

0 ಹೇಗಿದೆ ಅಂತ ತಿಳಿಯಬೇಕಾದರೆ 0ಗೆ ಅಂಟಿಕೊಂಡ ಉಂಗುರದಲ್ಲೇ ಸರಣಿ ಬರೆಯಬೇಕು. ಇಲ್ಲಿ ಅದು 0 < |z| < 1. ಮುಂದಿನ ತೊಡಕಿನ ಬಿಂದು 1 ಆದ್ದರಿಂದ ಉಂಗುರ ಅಲ್ಲಿಗೆ ಮುಗಿಯುತ್ತದೆ. ಈಗ z ಅನ್ನೇ ಅನುಪಾತವಾಗಿ ತೆಗೆದುಕೊಂಡರೆ:

−1/z − 1 − z − z² − …

ಋಣ ಘಾತದ ಪದ ಒಂದೇ ಒಂದು. ಆದ್ದರಿಂದ ಸಿಂಪಲ್ ಪೋಲ್. ಅನುಮಾನ ಇದ್ದರೆ z·f(z) = 1/(z−1) ನೋಡಿ. z ಸೊನ್ನೆಗೆ ಹೋದಾಗ ಅದು −1ಕ್ಕೆ ಹೋಗುತ್ತದೆ, ಸೊನ್ನೆಯಲ್ಲದ ಬೆಲೆ. ಅಲ್ಲಿಗೆ ಖಾತ್ರಿ.

"ಹಾಗಾದರೆ e^(1/z) ಕೂಡ ಪೋಲ್ ಇರಬಹುದಲ್ವಾ ಸರ್?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಅದರ ಸರಣಿ 1 + 1/z + 1/(2!z²) + … z ಸೊನ್ನೆ ಅಲ್ಲದ ಎಲ್ಲ ಕಡೆ ಕನ್ವರ್ಜ್ ಆಗುತ್ತದೆ, 0ಯ ಪಕ್ಕದಲ್ಲೂ. ಅಲ್ಲಿ ಎಣಿಕೆ ನಂಬಬಹುದು, ಅದು ಎಸೆನ್ಷಿಯಲ್ಲೇ. ಬಲಗಡೆಯಿಂದ 0ಗೆ ಬಂದರೆ ಬೆಲೆ ಮಿತಿಯಿಲ್ಲದೆ ಬೆಳೆಯುತ್ತದೆ, ಎಡಗಡೆಯಿಂದ ಬಂದರೆ ಸೊನ್ನೆಗೆ ಇಳಿಯುತ್ತದೆ. ಪೋಲ್ ಆಗಿದ್ದರೆ ಯಾವ ಕಡೆಯಿಂದ ಬಂದರೂ |f| ಬೆಳೆಯಲೇಬೇಕು.

(1−cos z)/z² ನೋಡಿ ಕೆಳಗಿನ z²ಗೆ ಹೆದರಿ ಪೋಲ್ ಅನ್ನುವವರೂ ಇದ್ದಾರೆ. ಬಿಡಿಸಿದರೆ 1/2 − z²/24 + … ಅಷ್ಟೇ. ರಿಮೂವಬಲ್.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. 1/sin(1/z)ಗೆ 0ಯಲ್ಲಿ ಈ ಮೂರರಲ್ಲಿ ಯಾವ ಹೆಸರೂ ಹೊಂದುವುದಿಲ್ಲ. 0ಯ ಸುತ್ತ ಎಷ್ಟು ಚಿಕ್ಕ ಉಂಗುರ ಎಳೆದರೂ 1/(nπ) ಎಂಬ ಪೋಲ್‌ಗಳು ಒಳಗೆ ಬೀಳುತ್ತವೆ. ಸರಣಿ ಬರೆಯಲು 0ಯ ಪಕ್ಕದಲ್ಲಿ ಖಾಲಿ ಜಾಗವೇ ಇಲ್ಲ.