ಒಂದು ಚಕ್ಕುಲಿಯಿಂದ ಒಂದು ಕೊಡ ಹಬೆ

ಗೋಕುಲಾಷ್ಟಮಿಯ ಹಿಂದಿನ ಸಂಜೆ ನಮ್ಮ ಮನೆಯ ಬಾಣಲೆಯಲ್ಲಿ ಒಂದು ಚಕ್ಕುಲಿ ಪಟ್ ಅಂತ ಸಿಡಿದು ಅಮ್ಮನ ಮುಂಗೈ ಮೇಲೆ ಎಣ್ಣೆ ಹಾರಿತು. ಹೆದರಿ ಉರಿ ಪೂರ್ತಿ ಸಣ್ಣ ಮಾಡಿದೆವು. ಆಮೇಲೆ ಬೆಂದವು ಸಿಡಿಯಲಿಲ್ಲ, ಆದರೆ ಕಲ್ಲಿನ ಹಾಗಾದವು. ಹಿಟ್ಟು ಅದೇ, ಎಣ್ಣೆ ಅದೇ. ಎರಡು ತೊಂದರೆಗೂ ಮೂಲ ಒಂದೇ: ಹಿಟ್ಟಿನೊಳಗಿನ ನೀರು ಹಬೆಯಾಗಿ ಯಾವ ವೇಗದಲ್ಲಿ, ಯಾವ ದಾರಿಯಲ್ಲಿ ಹೊರಗೆ ಬರುತ್ತದೆ ಅನ್ನುವುದು.

ಲೆಕ್ಕ ಹಾಕಿ ನೋಡೋಣ. ನಾಲ್ಕು ಪಾಲು ಅಕ್ಕಿಹಿಟ್ಟಿಗೆ ಒಂದು ಪಾಲು ಹುರಿದ ಉದ್ದಿನಹಿಟ್ಟು, ಒಟ್ಟು 500 ಗ್ರಾಂ. ಅದಕ್ಕೆ 50 ಗ್ರಾಂ ಬೆಣ್ಣೆ, ಸುಮಾರು 325 ಮಿಲಿ ನೀರು. ಹಿಟ್ಟಿನಲ್ಲಿ ಮೊದಲೇ ಇರುವ ತೇವವೂ ಸೇರಿದರೆ, ಒತ್ತಿಟ್ಟ 25 ಗ್ರಾಂ ತೂಕದ ಒಂದು ಚಕ್ಕುಲಿಯಲ್ಲಿ 10 ಗ್ರಾಂ ನೀರಂತೂ ಇದ್ದೇ ಇರುತ್ತದೆ. ಗರಿಗರಿ ಆಗಬೇಕಾದರೆ ಹೆಚ್ಚುಕಡಿಮೆ ಅಷ್ಟೂ ಹೋಗಬೇಕು. ಒಂದು ಗ್ರಾಂ ನೀರು ಹಬೆಯಾದರೆ ಸುಮಾರು 1.7 ಲೀಟರ್ ಜಾಗ ಬೇಡುತ್ತದೆ. ಹಾಗಾದರೆ ಅಂಗೈಯಗಲದ ಒಂದು ಚಕ್ಕುಲಿಯಿಂದ ನಾಲ್ಕೈದು ನಿಮಿಷದಲ್ಲಿ 17 ಲೀಟರ್ ಹಬೆ, ಒಂದು ಕೊಡದ ತುಂಬ, ಹೊರಬರಬೇಕು. ಎಣ್ಣೆಯಲ್ಲಿ ಕಾಣುವ ಆ ಗುಳ್ಳೆಗಳೆಲ್ಲ ಅದೇ.

ಎಣ್ಣೆ ತುಂಬಾ ಕಾದಿದ್ದರೆ, ಅಂದರೆ ಹೊಗೆಯಾಡುವ ಹತ್ತಿರ ಬಂದಿದ್ದರೆ, ಚಕ್ಕುಲಿಯ ಮೇಲ್ಮೈ ಕ್ಷಣದಲ್ಲಿ ಒಣಗಿ ಗಟ್ಟಿ ಸಿಪ್ಪೆಯಾಗುತ್ತದೆ. ಒಳಗಿನ ನೀರು ಆಗಿನ್ನೂ ಕುದಿಯಲು ಶುರು ಮಾಡಿರುತ್ತದೆ ಅಷ್ಟೇ. ಹಬೆಗೆ ದಾರಿ ಇಲ್ಲ, ಒತ್ತಡ ಏರುತ್ತದೆ, ಸಿಪ್ಪೆ ಒಡೆಯುತ್ತದೆ. ಮುಳ್ಳಿನ ಚಕ್ಕುಲಿಗಿಂತ ನುಣ್ಣಗೆ ಹೊಸೆದ ಕೋಡುಬಳೆ ಜಾಸ್ತಿ ಸಿಡಿಯುವುದೂ ಇದಕ್ಕೇ. ನಕ್ಷತ್ರದ ಬಿಲ್ಲೆಯಿಂದ ಬಂದ ಎಳೆಯಲ್ಲಿ ಏಣುಗಳಿರುತ್ತವೆ, ಹೊರಮೈ ಜಾಸ್ತಿ, ಹಬೆ ಸಲೀಸಾಗಿ ಜಾರಿಕೊಳ್ಳುತ್ತದೆ. ತಮಿಳರ ಮುಳ್ಳು ಮುರುಕ್ಕಿಗೂ ಇದೇ ಅನುಕೂಲ.

ಎಣ್ಣೆ ಹದವಾಗಿದ್ದರೂ ಸಿಡಿದರೆ ಹಿಟ್ಟಿನಲ್ಲಿ ಗಾಳಿ ಸಿಕ್ಕಿಕೊಂಡಿದೆ, ಇಲ್ಲವೇ ಗಂಟು ಉಳಿದಿದೆ ಅಂತ ತಿಳಿಯಬೇಕು. ಉದ್ದಿನಹಿಟ್ಟನ್ನು ಜರಡಿ ಹಿಡಿಯದೆ ಹಾಕಿದರೆ ನುಚ್ಚು ಉಳಿಯುತ್ತದೆ, ಆ ಜಾಗದಲ್ಲಿ ಹಬೆ ಒಟ್ಟಾಗುತ್ತದೆ. ಒರಳಿಗೆ ಹಿಟ್ಟನ್ನು ಚೂರುಚೂರಾಗಿ ತುಂಬಿದರೆ ನಡುವೆ ಗಾಳಿ ಕೂರುತ್ತದೆ. ಒಂದೇ ಉಂಡೆಯನ್ನು ಉದ್ದಕ್ಕೆ ಹೊಸೆದು ಇಳಿಸಿ, ಬೆರಳಿನಿಂದ ಅದುಮಿ. ಇನ್ನೊಂದು ಮಾತು: ಒತ್ತಿದ ಚಕ್ಕುಲಿಯನ್ನು ಫ್ಯಾನ್ ಕೆಳಗೆ ಬಿಟ್ಟರೆ ಎಣ್ಣೆಗೆ ಹೋಗುವ ಮೊದಲೇ ಅದಕ್ಕೆ ಸಿಪ್ಪೆ ಬಂದುಬಿಡುತ್ತದೆ. ಒಂದು ಸುತ್ತಿಗೆ ಬೇಕಾದಷ್ಟೇ ಒತ್ತಿ, ಉಳಿದ ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ.

ಈಗ ಗಟ್ಟಿಯಾಗುವ ವಿಷಯ. ಒಳ್ಳೆ ಚಕ್ಕುಲಿಯನ್ನು ಮುರಿದು ಬೆಳಕಿಗೆ ಹಿಡಿಯಿರಿ, ಒಳಗೆಲ್ಲ ಸಣ್ಣಸಣ್ಣ ತೂತು ಕಾಣುತ್ತವೆ. ಹಬೆ ರಭಸವಾಗಿ ಹೊರಬರುವಾಗ ಮಾಡಿಟ್ಟ ದಾರಿಗಳು ಅವು. ಹಲ್ಲಿಗೆ ಸಿಕ್ಕಾಗ ಕರುಮ್ ಅನ್ನುವುದು ಆ ತೂತುಗಳ ನಡುವಿನ ತೆಳು ಗೋಡೆ. ಸಣ್ಣ ಉರಿಯಲ್ಲಿ ನೀರು ನಿಧಾನವಾಗಿ ಹೋಗುತ್ತದೆ, ಹಿಟ್ಟು ಉಬ್ಬುವುದೇ ಇಲ್ಲ, ಸುಮ್ನೆ ಒಣಗುತ್ತದೆ. ಅವತ್ತು ನಮಗೆ ಆಗಿದ್ದು ಇದೇ. ನೀರು ಕಡಿಮೆ ಹಾಕಿ ಗಟ್ಟಿ ಕಲಸಿದರೂ ಹೀಗೇ: ಹಬೆಯೂ ಕಡಿಮೆ, ತೂತೂ ಕಡಿಮೆ. ಬೆಣ್ಣೆಯ ಕೆಲಸ ಬೇರೆ. ಅದು ಹಿಟ್ಟಿನ ಕಣಗಳಿಗೆ ಸವರಿಕೊಂಡು ಒಂದಕ್ಕೊಂದು ಬಿಗಿಯಾಗಿ ಅಂಟದಂತೆ ತಡೆಯುತ್ತದೆ. ಅದಕ್ಕೇ ನೀರಿಗೆ ಮೊದಲು ಬೆಣ್ಣೆ ಹಾಕಿ ಉಜ್ಜಬೇಕು, ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ಬೆಣ್ಣೆ ಅತಿಯಾದರೆ ಎಳೆಗಳು ಎಣ್ಣೆಯಲ್ಲೇ ಬಿಡಿಬಿಡಿಯಾಗುತ್ತವೆ.

ಎಣ್ಣೆ 160ರಿಂದ 170 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. ಥರ್ಮಾಮೀಟರ್ ಇಲ್ಲದಿದ್ದರೆ ಗೋಲಿಗಿಂತ ಚಿಕ್ಕ ಹಿಟ್ಟಿನ ಚೂರು ಹಾಕಿ. ತಳಕ್ಕೆ ಹೋಗಿ ಒಂದೆರಡು ಕ್ಷಣದಲ್ಲಿ ಮೇಲೆ ಬಂದರೆ ಸರಿ. ತಳದಲ್ಲೇ ಕೂತರೆ ಇನ್ನೂ ಕಾಯಬೇಕು, ಬಿದ್ದ ತಕ್ಷಣ ಕೆಂಪಾದರೆ ಉರಿ ಇಳಿಸಬೇಕು. ಒಂದೇ ಸಲ ಎಂಟು ಹಾಕಬೇಡಿ, ಅಷ್ಟೂ ನೀರು ಕುದಿಯಲು ಬೇಕಾದ ಕಾವನ್ನು ಎಣ್ಣೆಯೇ ಕೊಡಬೇಕು, ಅದು ತಣ್ಣಗಾಗಿಬಿಡುತ್ತದೆ. ಮಾಮೂಲಿ ಬಾಣಲೆಗೆ ಮೂರು ನಾಲ್ಕು ಸಾಕು, ಮಧ್ಯಮ ಉರಿ.

ತೆಗೆಯುವ ಹೊತ್ತನ್ನು ಬಣ್ಣ ನೋಡಿ ಹೇಳುವುದು ಕಷ್ಟ. ಎಣ್ಣೆ ಹೆಚ್ಚು ಕಾದಿದ್ದರೆ ಒಳಗೆ ಹಸಿ ಇರುವಾಗಲೇ ಕೆಂಪಾಗುತ್ತದೆ. ಕಿವಿಯನ್ನು ನಂಬಿ. ಮೊದಲು ಜೋರಾಗಿ ಚುಂಯ್ ಅನ್ನುವ ಸದ್ದು ಮೆಲ್ಲಗೆ ಇಳಿದು, ಗುಳ್ಳೆ ಅಲ್ಲೊಂದು ಇಲ್ಲೊಂದು ಅನ್ನುವ ಹಾಗಾದರೆ ನೀರು ಮುಗಿದಿದೆ. ಅದಕ್ಕೂ ಮೊದಲು ತೆಗೆದದ್ದು ಬಿಸಿಯಲ್ಲಿ ಗರಿಗರಿ ಅನ್ನಿಸಿದರೂ ಮರುದಿನ ಮೆತ್ತಗಾಗುತ್ತದೆ, ಒಳಗೆ ಉಳಿದ ತೇವ ನಿಧಾನವಾಗಿ ಹೊರಗಿನ ಸಿಪ್ಪೆಗೆ ಬರುವುದರಿಂದ.

ನಾವೀಗ ಮೊದಲು ಒಂದನ್ನೇ ಕರಿದು, ಆರಲು ಬಿಟ್ಟು, ಮುರಿದು ನೋಡುತ್ತೇವೆ. ಗಟ್ಟಿ ಅನ್ನಿಸಿದರೆ ಉಳಿದ ಹಿಟ್ಟಿಗೆ ಒಂದು ಚಮಚ ಬಿಸಿ ಬೆಣ್ಣೆ, ಸ್ವಲ್ಪ ನೀರು. ಎಣ್ಣೆಯಲ್ಲಿ ಬಿಟ್ಟುಕೊಂಡರೆ ಒಂದು ಹಿಡಿ ಅಕ್ಕಿಹಿಟ್ಟು. ಸಿಡಿದರೆ ಉರಿ ಆರಿಸಿ ದೂರ ಸರಿದು ನಿಲ್ಲುತ್ತೇವೆ. ಆಮೇಲೆ ಒರಳಿನಲ್ಲಿರುವ ಹಿಟ್ಟನ್ನೆಲ್ಲ ತೆಗೆದು, ಮತ್ತೆ ನಾದಿ ತುಂಬುತ್ತೇವೆ.